ಆಯ್ ಎಲ್ಲಿ, ಎಸ್ತಾ ಎಲ್ಲಿ? ಕನ್ನಡದಲ್ಲಿ ಎರಡಕ್ಕೂ "ಇದೆ" ತಾನೇ?

ಚೈತ್ರಾ_ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ಪ್ಯಾನಿಷ್ ಎ1 ಪರೀಕ್ಷೆಗೆ ಓದುತ್ತಿದ್ದೇನೆ. "ನಿಮ್ಮ ಬಡಾವಣೆಯ ಬಗ್ಗೆ ಬರೆಯಿರಿ" ಅನ್ನೋ ಅಭ್ಯಾಸ ಕೊಟ್ಟಿದ್ದರು. ಆರು ವಾಕ್ಯ ಬರೆದೆ, ನಾಲ್ಕಕ್ಕೆ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು. ಯಾಕೆ ತಪ್ಪು ಅಂತ ಮಾತ್ರ ಬರೆದಿಲ್ಲ. ನನ್ನ ಬಡಾವಣೆಯಲ್ಲಿ ಒಂದು ಪಾರ್ಕ್ ಇದೆ, ಪಾರ್ಕ್ ನನ್ನ ಮನೆ ಹತ್ತಿರ ಇದೆ, ಮುಖ್ಯ ಬೀದಿಯಲ್ಲಿ ತುಂಬಾ ಅಂಗಡಿಗಳಿವೆ, ಮೂಲೆಯಲ್ಲಿ ಒಂದು ಔಷಧದ ಅಂಗಡಿ ಇದೆ, ಅಜ್ಜಿ ಮನೆ ಅದರ ಪಕ್ಕದಲ್ಲಿದೆ, ಅಕ್ಕ ಇಲ್ಲಿಲ್ಲ, ಪುಣೆಯಲ್ಲಿದ್ದಾಳೆ, ಇಷ್ಟು ಹೇಳಬೇಕಿತ್ತು. ವಾಕ್ಯಗಳು ಇವು:

1. ಎನ್ ಮಿ ಬಾರ್ರಿಯೋ ಎಸ್ತಾ ಉನ್ ಪಾರ್ಕೆ. (ತಪ್ಪು)
2. ಎಲ್ ಪಾರ್ಕೆ ಎಸ್ತಾ ಸೆರ್ಕಾ ದೆ ಮಿ ಕಾಸಾ. (ಸರಿ)
3. ಎನ್ ಲಾ ಕಾಯೆ ಪ್ರಿನ್ಸಿಪಾಲ್ ಎಸ್ತಾನ್ ಮೂಚಾಸ್ ತಿಯೆಂದಾಸ್. (ತಪ್ಪು)
4. ಎನ್ ಲಾ ಎಸ್ಕಿನಾ ಆಯ್ ಉನಾ ಫಾರ್ಮಾಸಿಯಾ. (ಸರಿ)
5. ಆಯ್ ಲಾ ಕಾಸಾ ದೆ ಮಿ ಅಬ್ವೇಲಾ ಆಲ್ ಲಾದೋ ದೆ ಲಾ ಫಾರ್ಮಾಸಿಯಾ. (ತಪ್ಪು)
6. ಮಿ ಎರ್ಮಾನಾ ನೋ ಆಯ್ ಆಕೀ, ಎಸ್ತಾ ಎನ್ ಪುಣೆ. (ಮೊದಲ ಅರ್ಧ ತಪ್ಪು)

ನಮಗೆ ಹೇಳಿಕೊಟ್ಟ ನಿಯಮ ಇಷ್ಟೇ: ಸುಮ್ನೆ "ಇದೆ" ಅಂದರೆ ಆಯ್, ಎಲ್ಲಿದೆ ಅಂತ ಜಾಗ ಹೇಳಿದರೆ ಎಸ್ತಾರ್, ಅಂದರೆ ಎಸ್ತಾ, ಎಸ್ತಾನ್. ಒಂದನೇ ವಾಕ್ಯದಲ್ಲಿ ಜಾಗ ಇದೆ, ಅದಕ್ಕೇ ಎಸ್ತಾ ಹಾಕಿದೆ. ನಾಲ್ಕನೇದು ಪುಸ್ತಕದಿಂದ ಎತ್ತಿಕೊಂಡ ವಾಕ್ಯ. ಅದರಲ್ಲೂ ಮೂಲೆಯಲ್ಲಿ ಅಂತ ಜಾಗ ಇದೆ, ಆದರೂ ಅಲ್ಲಿ ಆಯ್ ಸರಿಯಂತೆ. ಹಾಗಾದರೆ ಆ ನಿಯಮ ಏನು ಮಾಡುತ್ತಿದೆ?

ರಘು_ತುಮಕೂರು

ಇದು ಎಲ್ಲರಿಗೂ ಬರುವ ಗೊಂದಲ ಮೇಡಂ. "ಇರು" ಅನ್ನೋಕೆ ಸೆರ್ ಅಂತ ಇನ್ನೊಂದು ಕ್ರಿಯಾಪದ ಇದೆಯಲ್ಲ, ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್. ಪಾರ್ಕ್ ಶಾಶ್ವತ ಅಲ್ವಾ, ಅದಕ್ಕೆ ಎಸ್ತಾ ತಪ್ಪಾಗಿದೆ. ನಿಮ್ಮ ಅಕ್ಕ ಪುಣೆಯಲ್ಲಿ ತಾತ್ಕಾಲಿಕವಾಗಿ ಇದ್ದಾರೆ, ಅಲ್ಲಿ ಎಸ್ತಾ ಸರಿ.

ಸ್ಪ್ಯಾನಿಷ್_ಮೇಷ್ಟ್ರು

ರಘು ಅವರೇ, ಚೈತ್ರಾ ಕೇಳಿದ್ದು ಸೆರ್ ಬಗ್ಗೆ ಅಲ್ಲ. ಶಾಶ್ವತ, ತಾತ್ಕಾಲಿಕ ಅನ್ನುವ ಲೆಕ್ಕ ಜಾಗದ ವಿಷಯಕ್ಕೆ ನಡೆಯುವುದೂ ಇಲ್ಲ. ಮಾದ್ರಿದ್ ಎಸ್ತಾ ಎನ್ ಎಸ್ಪಾನ್ಯಾ. ಮಾದ್ರಿದ್ ನಾಳೆ ಎಲ್ಲಿಗೂ ಎದ್ದು ಹೋಗುವುದಿಲ್ಲ, ಆದರೂ ಎಸ್ತಾ. ಎರಡನೇ ವಾಕ್ಯದಲ್ಲಿ ಅದೇ ಪಾರ್ಕಿಗೆ ಎಸ್ತಾ ಹಾಕಿದ್ದನ್ನು ಸರಿ ಅಂದಿದ್ದಾರೆ, ನೋಡಿ.

ಚೈತ್ರಾ, ನಿಮಗೆ ಹೇಳಿಕೊಟ್ಟ ನಿಯಮವೇ ನಿಮ್ಮನ್ನು ದಾರಿ ತಪ್ಪಿಸಿದೆ. ಆಯ್ ಇರುವ ವಾಕ್ಯದಲ್ಲೂ ಹೆಚ್ಚಿನ ಸಲ ಜಾಗ ಇದ್ದೇ ಇರುತ್ತದೆ. ಏನೋ ಒಂದು ಇದೆ ಅಂದಮೇಲೆ ಎಲ್ಲೋ ಒಂದು ಕಡೆ ಇರಲೇಬೇಕು. ಹಾಗಾಗಿ ಜಾಗ ಇದೆಯಾ ಅಂತ ಹುಡುಕುವುದನ್ನು ಬಿಟ್ಟುಬಿಡಿ. ಇರುವ ವಸ್ತು ಯಾವುದು, ಅದರ ಹಿಂದೆ ಏನು ಬಂದಿದೆ ಅಂತ ನೋಡಿ.

ಒಂದು, ಎರಡು, ತುಂಬಾ ಅನ್ನುವ ಉನ್, ಉನಾ, ದೋಸ್, ಮೂಚಾಸ್ ಬಂದರೆ, ಅಥವಾ ಹಿಂದೆ ಏನೂ ಇಲ್ಲದೆ ಬರೀ ತಿಯೆಂದಾಸ್ ಅಂತ ಇದ್ದರೆ ಆಯ್. ಅಂದರೆ ಕೇಳುವವರಿಗೆ ಆ ವಸ್ತುವಿನ ವಿಷಯ ಇನ್ನೂ ಗೊತ್ತಿಲ್ಲ, ನೀವು ಈಗಷ್ಟೇ ಹೇಳುತ್ತಿದ್ದೀರಿ. ಇಂಗ್ಲಿಷ್‌ನ "ದ" ಥರದ ಎಲ್, ಲಾ, "ನನ್ನ" ಅನ್ನುವ ಮಿ, "ಈ" ಅನ್ನುವ ಎಸ್ತೆ ಬಂದರೆ, ಅಥವಾ ಒಂದು ಹೆಸರು ಬಂದರೆ ಎಸ್ತಾ, ಎಸ್ತಾನ್. ಅದು ಯಾವುದು ಅಂತ ಅವರಿಗೆ ಗೊತ್ತಿದೆ, ಎಲ್ಲಿದೆ ಅನ್ನುವುದಷ್ಟೇ ಬೇಕು.

ಇದನ್ನು ಹಿಡಿದು ನಿಮ್ಮ ವಾಕ್ಯಗಳನ್ನು ಇನ್ನೊಮ್ಮೆ ನೋಡಿ. ಒಂದರಲ್ಲಿ ಉನ್ ಪಾರ್ಕೆ, ಪಾರ್ಕಿನ ಸುದ್ದಿ ಮೊದಲ ಸಲ ಬರುತ್ತಿದೆ, ಆಯ್ ಬೇಕು. ಎರಡರಲ್ಲಿ ಎಲ್ ಪಾರ್ಕೆ, ಆಗಲೇ ಹೇಳಿದ ಪಾರ್ಕ್, ಎಸ್ತಾ ಸರಿ. ಮೂರರಲ್ಲಿ ಮೂಚಾಸ್ ತಿಯೆಂದಾಸ್, ಯಾವ ಅಂಗಡಿಗಳು ಅಂತ ಯಾರಿಗೂ ಗೊತ್ತಿಲ್ಲ, ಆಯ್. ಐದರಲ್ಲಿ ಲಾ ಕಾಸಾ ದೆ ಮಿ ಅಬ್ವೇಲಾ. ಅಜ್ಜಿಯ ಮನೆ ಇಂಥದ್ದೇ ಅಂತ ಗುರುತಿರುವ ಮನೆ. ಹಾಗಾಗಿ ಲಾ ಕಾಸಾ ದೆ ಮಿ ಅಬ್ವೇಲಾ ಎಸ್ತಾ ಆಲ್ ಲಾದೋ ದೆ ಲಾ ಫಾರ್ಮಾಸಿಯಾ. ಆರರಲ್ಲಿ ಮಿ ಎರ್ಮಾನಾ, ಅದಕ್ಕೆ ನೋ ಎಸ್ತಾ ಆಕೀ.

ಚೈತ್ರಾ_ಮೈಸೂರು

ಸರ್, ತುಂಬಾ ಥ್ಯಾಂಕ್ಸ್. ಐದನೇದು ಮಾತ್ರ ಇನ್ನೂ ಕೊರೆಯುತ್ತಿದೆ. ಅಜ್ಜಿ ಮನೆಯ ವಿಷಯ ನಾನು ಮೊದಲ ಸಲವೇ ಹೇಳುತ್ತಿದ್ದೇನೆ. ಓದುವವರಿಗೆ ನನ್ನ ಅಜ್ಜಿಗೆ ಮನೆ ಇದೆ ಅಂತಲೂ ಗೊತ್ತಿಲ್ಲ. ಹೊಸ ವಿಷಯ ಅಂದರೆ ಆಯ್ ಅಲ್ವಾ?

ಸ್ಪ್ಯಾನಿಷ್_ಮೇಷ್ಟ್ರು

ಒಳ್ಳೆ ಪ್ರಶ್ನೆ. "ಹೊಸದು" ಅಂತ ನಾನು ಹೇಳಿದ್ದು ಸ್ವಲ್ಪ ಸಡಿಲವಾಯಿತು. ಆ ಮನೆಯ ಸುದ್ದಿ ಹೊಸದೇ ಇರಬಹುದು. ಆದರೆ ಲಾ ಕಾಸಾ ದೆ ಮಿ ಅಬ್ವೇಲಾ ಅಂತ ನೀವು ಹೇಳಿದ ರೀತಿಯಲ್ಲೇ "ಇಂಥದ್ದು, ಒಂದೇ" ಅಂತ ಗುರುತು ಹಾಕಿಬಿಟ್ಟಿದ್ದೀರಿ. ಹಾಗೆ ಗುರುತು ಹಾಕಿದ ಮೇಲೆ ಆಯ್ ಅದನ್ನು ಒಪ್ಪುವುದಿಲ್ಲ. ನಿಮ್ಮ ಅಜ್ಜಿಗೆ ಆ ಬೀದಿಯಲ್ಲಿ ಮೂರು ಮನೆ ಇದ್ದರೆ, ಅವುಗಳಲ್ಲಿ ಒಂದರ ಸುದ್ದಿ ಎತ್ತಬೇಕಿದ್ದರೆ ಆಯ್ ಉನಾ ಕಾಸಾ ದೆ ಮಿ ಅಬ್ವೇಲಾ ಅನ್ನಬಹುದು. ನಿರ್ಧಾರ ಮಾಡುವುದು ಉನಾ ಮತ್ತು ಲಾ.

ಕರಾವಳಿ_ಹುಡುಗ

ಐದು ನಿಮಿಷದಲ್ಲಿ ಅರ್ಥ ಆಯ್ತು. ಇದನ್ನೇ ಕ್ಲಾಸಿನಲ್ಲಿ ಹೇಳಿದ್ದರೆ ಏನಾಗುತ್ತಿತ್ತು?

ಶೈಲಾ_ಧಾರವಾಡ

ಮೇಷ್ಟ್ರೇ, ಒಂದು ಮಾತು. ಕನ್ನಡದಲ್ಲಿ ಎಲ್, ಉನ್ ಥರದ್ದು ಇಲ್ಲ, ನಿಜ. ಆದರೆ ಈ ವ್ಯತ್ಯಾಸ ನಮಗೆ ಇಲ್ಲವೇ ಇಲ್ಲ ಅನ್ನೋ ಹಾಗೆ ಎಲ್ಲರೂ ಮಾತಾಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. "ಮೇಜಿನ ಮೇಲೆ ಪುಸ್ತಕ ಇದೆ" ಅಂತೇವೆ. "ಪುಸ್ತಕ ಮೇಜಿನ ಮೇಲಿದೆ" ಅಂತಲೂ ಅಂತೇವೆ. ಎರಡೂ ಒಂದೇ ಏನು? ಮೊದಲನೇದರಲ್ಲಿ ಯಾವುದೋ ಒಂದು ಪುಸ್ತಕ. ಎರಡನೇದರಲ್ಲಿ ನೀವು ಹುಡುಕುತ್ತಿರೋ ಆ ಪುಸ್ತಕ. ಜಾಗ ಮೊದಲು ಬಂದರೆ ಆಯ್, ವಸ್ತು ಮೊದಲು ಬಂದರೆ ಎಸ್ತಾ. ನನ್ನ ಮಗಳಿಗೆ ಹೀಗೇ ಹೇಳಿಕೊಟ್ಟೆ, ಈಗ ಅವಳಿಗೆ ಈ ತಪ್ಪು ಬರುವುದು ಅಪರೂಪ.

ಸ್ಪ್ಯಾನಿಷ್_ಮೇಷ್ಟ್ರು

ಶೈಲಾ ಮೇಡಂ, ಇದು ಬಹಳ ಚೆನ್ನಾಗಿದೆ. ಸ್ಪ್ಯಾನಿಷ್‌ನಲ್ಲೂ ಸಾಮಾನ್ಯವಾಗಿ ಹಾಗೇ ಕೂರುತ್ತದೆ: ಎನ್ ಲಾ ಮೇಸಾ ಆಯ್ ಉನ್ ಲಿಬ್ರೋ, ಎಲ್ ಲಿಬ್ರೋ ಎಸ್ತಾ ಎನ್ ಲಾ ಮೇಸಾ. ವಾಕ್ಯ ಕಟ್ಟುವ ಮೊದಲು ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಆದರೆ ಪ್ರಶ್ನೆ ಕೇಳುವಾಗ ಇದು ಕೈಕೊಡುತ್ತದೆ. "ಬ್ಯಾಂಕ್ ಎಲ್ಲಿದೆ?" ಅಂತ ಕನ್ನಡದಲ್ಲಿ ಕೇಳಿದರೆ ಯಾವುದಾದರೂ ಒಂದು ಬ್ಯಾಂಕ್ ಸಾಕೋ, ನನ್ನ ಖಾತೆ ಇರುವ ಬ್ಯಾಂಕೇ ಬೇಕೋ ಗೊತ್ತಾಗುವುದಿಲ್ಲ. ಎರಡಕ್ಕೂ ಅದೇ ಮಾತು. ಸ್ಪ್ಯಾನಿಷ್‌ನಲ್ಲಿ ಬೇರೆ ಬೇರೆ. ಯಾವುದಾದರೂ ಸರಿ ಅಂದರೆ ದೋಂದೆ ಆಯ್ ಉನ್ ಬಾಂಕೋ. ಇಬ್ಬರಿಗೂ ಗೊತ್ತಿರುವ ಆ ಬ್ಯಾಂಕ್ ಅಂದರೆ ದೋಂದೆ ಎಸ್ತಾ ಎಲ್ ಬಾಂಕೋ. ದೋಂದೆ ಬಂದ ಕೂಡಲೇ ಎಸ್ತಾ ಹಾಕಬೇಕು ಅಂತ ಬಾಯಿಪಾಠ ಮಾಡಿದವರು ದೋಂದೆ ಎಸ್ತಾ ಉನ್ ಬಾಂಕೋ ಅಂತ ಕೇಳುತ್ತಾರೆ. ಹೊಸಬರಲ್ಲಿ ನಾನು ಜಾಸ್ತಿ ನೋಡುವ ತಪ್ಪು ಇದೇ.

ಗ್ವಾದಲಹಾರಾ_ಗಿರೀಶ

ನಾನು ಮೆಕ್ಸಿಕೋದಲ್ಲಿದ್ದೇನೆ, ಐಟಿ ಕೆಲಸ. ಇಲ್ಲಿಗೆ ಬಂದ ಹೊಸದರಲ್ಲಿ ಕನ್ನಡದ ಹುಡುಗರು ಎಲ್ಲದಕ್ಕೂ ಎಸ್ತಾ ಅನ್ನುತ್ತಾರೆ. ಅಂಗಡಿಗೆ ಹೋಗಿ ಎಸ್ತಾ ಲೇಚೆ ಅಂತ ಕೇಳುತ್ತಾರೆ. ಅಂಗಡಿಯವರಿಗೆ ಅರ್ಥ ಆಗುತ್ತದೆ, ಹಾಲೂ ಸಿಗುತ್ತದೆ. ಆದರೆ ಇಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಆಯ್ ಲೇಚೆ ಅಂತ ಕೇಳಬೇಕು. ಉತ್ತರ ಸೀ ಆಯ್, ಇಲ್ಲಾಂದ್ರೆ ನೋ ಆಯ್. ಬೀದಿಯಲ್ಲಿ ಆಯ್ ತಮಾಲೆಸ್ ಅಂತ ಕೈಯಲ್ಲಿ ಬರೆದು ಬೋರ್ಡ್ ಇಟ್ಟಿರುತ್ತಾರೆ. ಅದನ್ನು ದಿನಾ ನೋಡಿದರೆ ಪಾಠವೇ ಬೇಡ.

ಮನೆಗೆ ಫೋನ್ ಮಾಡಿದಾಗ ಮಾತ್ರ ಎಸ್ತಾ ಮರೀಯಾ ಅಂತ ಕೇಳುತ್ತಾರೆ. ಅಂದರೆ ಮರೀಯಾ ಇದ್ದಾರಾ ಅಂತ.

ಚೈತ್ರಾ_ಮೈಸೂರು

ಗಿರೀಶ್ ಅವರೇ, ಇದರಿಂದ ನನ್ನ ಆರನೇ ವಾಕ್ಯದ ತಪ್ಪು ಎಲ್ಲಿಂದ ಬಂತು ಅಂತ ತಿಳೀತು. "ಹಾಲು ಇಲ್ಲ" ಅನ್ನುವುದಕ್ಕೂ "ಅಕ್ಕ ಇಲ್ಲ" ಅನ್ನುವುದಕ್ಕೂ ನಮಗೆ ಒಂದೇ "ಇಲ್ಲ". ನೋ ಆಯ್ ಪ್ರೊಬ್ಲೇಮಾ ಅಂತ ಮೊದಲ ದಿನವೇ ಕಲಿಸಿದ್ದರಿಂದ "ಇಲ್ಲ" ಅಂದರೆ ನೋ ಆಯ್ ಅಂತ ತಲೆಯಲ್ಲಿ ಕೂತುಬಿಟ್ಟಿದೆ.

ಸ್ಪ್ಯಾನಿಷ್_ಮೇಷ್ಟ್ರು

ಅದೇ. ಹಾಲಿಗೆ ನೋ ಆಯ್ ಲೇಚೆ, ಅಕ್ಕನಿಗೆ ಮಿ ಎರ್ಮಾನಾ ನೋ ಎಸ್ತಾ. ಮನೆಯಲ್ಲಿ ಯಾರೂ ಇಲ್ಲ ಅಂದರೆ ಮತ್ತೆ ಆಯ್: ನೋ ಆಯ್ ನಾದಿಯೆ. "ಯಾರೂ" ಅಂದಾಗ ಇಂಥವರು ಅಂತ ಗುರುತಿಲ್ಲವಲ್ಲ.

ಫ್ರೆಂಚ್_ಪ್ರಶಾಂತ

ಫ್ರೆಂಚ್ ಬರುವವರಿಗೆ ಇದು ಸುಲಭ. ಇಲ್ ಯಾ ಅಂದರೆ ಆಯ್, ಎ ಅಂದರೆ ಎಸ್ತಾ. ಕಣ್ಣು ಮುಚ್ಚಿ ಒಂದರ ಜಾಗಕ್ಕೆ ಇನ್ನೊಂದು ಹಾಕಿಕೊಂಡು ಹೋಗಿ. ನಾನು ಹಾಗೇ ಮಾಡುತ್ತೇನೆ, ಎಲ್ಲೂ ತೊಂದರೆ ಆಗಿಲ್ಲ.

ಸ್ಪ್ಯಾನಿಷ್_ಮೇಷ್ಟ್ರು

ಪ್ರಶಾಂತ್, ಮುಕ್ಕಾಲು ಪಾಲು ಸರಿ. ಆಯ್ ಪದದ ಕೊನೆಯಲ್ಲಿರುವ ವೈ, ಫ್ರೆಂಚ್‌ನ ಇಲ್ ಯಾದಲ್ಲಿರುವ ವೈ, ಎರಡಕ್ಕೂ ಹಿಂದೆ "ಅಲ್ಲಿ" ಅನ್ನುವ ಅರ್ಥ ಇತ್ತು. ಹಾಗಾಗಿ ಹೋಲಿಕೆ ಸುಮ್ನೆ ಬಂದದ್ದಲ್ಲ.

ಉಳಿದ ಕಾಲು ಪಾಲಿನಲ್ಲಿ ನೀವು ಸಿಕ್ಕಿಬೀಳುತ್ತೀರಿ. ಪ್ಯಾರಿಸ್‌ನಲ್ಲಿ ಏನು ನೋಡಬಹುದು ಅಂತ ಕೇಳಿದರೆ ಫ್ರೆಂಚ್‌ನಲ್ಲಿ "ಇಲ್ ಯಾ" ಅಂತ ಶುರುಮಾಡಿ ಲೂವ್ರ್ ಹೆಸರು ಹೇಳಬಹುದು. ಮಾದ್ರಿದ್‌ನಲ್ಲಿ ಏನಿದೆ ಅಂತ ಕೇಳಿದರೆ? ಕೇ ಆಯ್ ಎನ್ ಮಾದ್ರಿದ್ ಅಂತ ಪ್ರಶ್ನೆ. ಅದಕ್ಕೆ ಅಲ್ಲಿನ ಪ್ರಾದೋ ಮ್ಯೂಸಿಯಂ ನೆನೆದು ಆಯ್ ಎಲ್ ಪ್ರಾದೋ ಅಂತ ಉತ್ತರ ಕೊಟ್ಟರೆ ತಪ್ಪು. ಎಸ್ತಾ ಎಲ್ ಪ್ರಾದೋ, ಎಸ್ತಾ ಎಲ್ ರೆತೀರೋ ಅನ್ನಬೇಕು. ಪ್ರಶ್ನೆಯಲ್ಲಿ ಆಯ್, ಉತ್ತರದಲ್ಲಿ ಎಸ್ತಾ. ಪ್ರಾದೋ ಎಲ್ಲಿದೆ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ, ಒಂದೊಂದಾಗಿ ಹೆಸರು ಎತ್ತುತ್ತಿದ್ದಾರೆ ಅಷ್ಟೇ. ಆದರೂ ಎಲ್ ಇದೆ, ಹೆಸರಿದೆ, ಆದ್ದರಿಂದ ಎಸ್ತಾ.

ಮೈಸೂರಿನ ಬಗ್ಗೆ ಬರೆಯುವಾಗ ಚೈತ್ರಾಗೆ ಇದು ಬೇಕೇ ಬೇಕು. ಉನ್ ಪಾಲಾಸಿಯೋ ಅಂದರೆ ಆಯ್. ಎಲ್ ಪಾಲಾಸಿಯೋ ದೆ ಮೈಸೂರು ಅಂದರೆ ಎಸ್ತಾ.

ಫ್ರೆಂಚ್_ಪ್ರಶಾಂತ

ಇದು ಗೊತ್ತಿರಲಿಲ್ಲ. ಆದರೆ ಹೊಸಬರಿಗೆ ಇಷ್ಟೆಲ್ಲ ಬೇಕಾ? ಎ1 ಮಟ್ಟಕ್ಕೆ "ಆಯ್ ಉನ್, ಎಸ್ತಾ ಎಲ್" ಅಂತ ಎರಡು ಜೋಡಿ ಸಾಕು ಅನಿಸುತ್ತದೆ.

ಶೈಲಾ_ಧಾರವಾಡ

ಯಾಕ್ರೀ ಬೇಡ? ಊರಿನ ಬಗ್ಗೆ ಬರೆಯಿರಿ ಅನ್ನೋದೇ ಎ1 ಪ್ರಶ್ನೆ. ಊರಿನ ಬಗ್ಗೆ ಬರೆದರೆ ಅರಮನೆ, ದೇವಸ್ಥಾನ, ಕೆರೆ ಅಂತ ಹೆಸರುಗಳ ಪಟ್ಟಿ ಬರುತ್ತದೆ. ಬಹಳ ಮಕ್ಕಳು ಅಲ್ಲೇ ಆಯ್ ಎಲ್ ಅಂತ ಬರೆಯುತ್ತಾರೆ.

ಬಾರ್ಸಾ_ಕನ್ನಡತಿ

ಬಾರ್ಸಿಲೋನಾದಲ್ಲಿ ಓದುತ್ತಿದ್ದೇನೆ. ಇಲ್ಲಿನ ಕತಲಾನ್ ಭಾಷೆಯಲ್ಲಿ ಆಯ್‌ಗೆ ಸಮಾನವಾದ ಇ ಆ ಅನ್ನುವುದಿದೆ. ಅದರ ಜೊತೆ ಹೆಸರು, ಲಾ ಎಲ್ಲವೂ ಬರುತ್ತವೆ. ಮರೀಯಾ ಇದ್ದಾಳಾ ಅಂತ ಕೇಳೋಕೂ ಕತಲಾನ್‌ನಲ್ಲಿ ಇ ಆ ಲಾ ಮರೀಯಾ ಅನ್ನಬಹುದು. ನನ್ನ ರೂಮ್‌ಮೇಟ್ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಅವಳು ಸ್ಪ್ಯಾನಿಷ್ ಮಾತಾಡುವಾಗ ಒಂದೊಂದು ಸಲ ಆಯ್ ಲಾ ಮರೀಯಾ ಅಂತಾಳೆ. ಅವಳಿಂದ ಕಲಿತದ್ದನ್ನು ಪರೀಕ್ಷೆಯಲ್ಲಿ ಬರೆಯೋಕೆ ಆಗಲ್ಲ ಅಂತ ಆಮೇಲೆ ತಿಳೀತು. ಎಲ್ಲಿಯವರಿಂದ ಕೇಳುತ್ತಿದ್ದೀರಿ ಅನ್ನುವುದನ್ನೂ ಸ್ವಲ್ಪ ನೋಡಿಕೊಳ್ಳಿ.

ಮತ್ತೊಂದು, ಇಲ್ಲಿ ಹೆಚ್ಚಿನವರು ಫಾರ್ಮಾಸಿಯಾ ಅನ್ನಲ್ಲ, ಫಾರ್ಮಾಥಿಯಾ ಅಂತಾರೆ.

ಗ್ವಾದಲಹಾರಾ_ಗಿರೀಶ

ಮೆಕ್ಸಿಕೋದಲ್ಲಿ ಫಾರ್ಮಾಸಿಯಾನೇ. ಚೈತ್ರಾ ಬರೆದದ್ದು ಸರಿಯಾಗಿದೆ.

ಬಾರ್ಸಾ_ಕನ್ನಡತಿ

ತಪ್ಪು ಅಂದಿಲ್ಲ. ಸ್ಪೇನ್‌ನ ಹೆಚ್ಚಿನ ಕಡೆ ಹೀಗೆ ಅಂದೆ ಅಷ್ಟೇ.

ರಘು_ತುಮಕೂರು

ನನ್ನದೊಂದು ಕೇಸ್. "ನನಗೆ ಇಬ್ಬರು ಅಕ್ಕಂದಿರು ಇದ್ದಾರೆ" ಅನ್ನೋಕೆ ಆಯ್ ಹಾಕಬೇಕಾ, ಎಸ್ತಾನ್ ಹಾಕಬೇಕಾ? ಇಲ್ಲಿ ಹೇಳಿದ ನಿಯಮದ ಪ್ರಕಾರ ದೋಸ್ ಎರ್ಮಾನಾಸ್, ಅಂದರೆ ಆಯ್. ಆ ಮೀ ಆಯ್ ದೋಸ್ ಎರ್ಮಾನಾಸ್ ಅಂತ ಬರೆದೆ, ಅದಕ್ಕೂ ಕೆಂಪು ಗೆರೆ.

ಸ್ಪ್ಯಾನಿಷ್_ಮೇಷ್ಟ್ರು

ಎರಡೂ ಅಲ್ಲ ರಘು. ತೆಂಗೋ ದೋಸ್ ಎರ್ಮಾನಾಸ್. ಕನ್ನಡದ "ಇದೆ" ಮಾಡುವ ಮೂರನೇ ಕೆಲಸ ಇದು. "ನನ್ನ ಹತ್ತಿರ ಪೆನ್ ಇದೆ", "ನನಗೆ ತಮ್ಮ ಇದ್ದಾನೆ", "ನನಗೆ ಟೈಮ್ ಇಲ್ಲ", ಎಲ್ಲದಕ್ಕೂ ತೆಂಗೋ ಬರುವ ತೆನೇರ್ ಬೇಕು. ವಾಕ್ಯದಲ್ಲಿ "ನನಗೆ", "ನನ್ನ ಹತ್ತಿರ" ಅಂತ ಬಂದ ತಕ್ಷಣ ಆಯ್, ಎಸ್ತಾರ್ ಎರಡನ್ನೂ ಪಕ್ಕಕ್ಕಿಡಿ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಈ ತಪ್ಪು ಅಷ್ಟಾಗಿ ಬರುವುದಿಲ್ಲ. ಕನ್ನಡದಲ್ಲಿ ಯೋಚನೆ ಮಾಡಿ ಬರೆಯುವವರಿಗೆ ಬರುತ್ತದೆ.

ಕರಾವಳಿ_ಹುಡುಗ

ಹಾಗಾದರೆ ಮನೆಯಲ್ಲಿ ಐದು ಜನ ಇದ್ದೇವೆ ಅಂದರೆ? ಎಸ್ತಾಮೋಸ್ ಸಿಂಕೋ?

ಸ್ಪ್ಯಾನಿಷ್_ಮೇಷ್ಟ್ರು

ಮನೆಮಂದಿಯನ್ನು ಎಣಿಸುವಾಗ ಸೋಮೋಸ್ ಸಿಂಕೋ. ಅಲ್ಲಿ ಸೆರ್ ಬರುತ್ತದೆ. ಎನ್ ಮಿ ಫಾಮಿಲಿಯಾ ಆಯ್ ಸಿಂಕೋ ಪೆರ್ಸೋನಾಸ್ ಅಂತಲೂ ಹೇಳಬಹುದು. ಆಯ್ ಜೊತೆ "ನಾವು" ಬರುವುದಿಲ್ಲ, ಇದು ನೆನಪಿರಲಿ.

ಗ್ವಾದಲಹಾರಾ_ಗಿರೀಶ

ಆಯ್‌ನಲ್ಲಿ "ನಾವು" ಬರಲ್ಲ ಅಂತೀರಿ, ಆದರೆ ಇಲ್ಲಿ ಕೆಲವರು ಅದೇ ಕ್ರಿಯಾಪದದಲ್ಲಿ ಅಬೇಮೋಸ್ ಮೂಚೋಸ್ ಅನ್ನುವುದನ್ನು ನಾನೇ ಕೇಳಿದ್ದೇನೆ. "ಇಲ್ಲಿ ನಾವು ತುಂಬಾ ಜನ ಇದ್ದೇವೆ" ಅನ್ನೋ ಅರ್ಥದಲ್ಲಿ. ಮತ್ತೆ ಹಳೇ ಕತೆ ಹೇಳುವಾಗ, ಅಂದರೆ ಆಯ್ ಭೂತಕಾಲಕ್ಕೆ ಹೋದಾಗ, ಅಬೀಯಾನ್ ಮೂಚಾಸ್ ಪೆರ್ಸೋನಾಸ್ ಅಂತ ಆಫೀಸಿನಲ್ಲಿ ದಿನಾ ಕಿವಿಗೆ ಬೀಳುತ್ತದೆ. ಪುಸ್ತಕದಲ್ಲಿ ಮಾತ್ರ ಅಬೀಯಾ ಮೂಚಾಸ್ ಪೆರ್ಸೋನಾಸ್. ಜನ ಮಾತಾಡುವ ಹಾಗೆ ಮಾತಾಡಿದರೆ ಅದು ಹೇಗೆ ತಪ್ಪಾಗುತ್ತದೆ?

ಬಾರ್ಸಾ_ಕನ್ನಡತಿ

ಅಬೀಯಾನ್ ಇಲ್ಲೂ ಕೇಳುತ್ತೇನೆ. ಲ್ಯಾಟಿನ್ ಅಮೆರಿಕದಲ್ಲಿ ಮಾತ್ರ ಅಂತ ತಿಳಿಯಬೇಡಿ.

ಸ್ಪ್ಯಾನಿಷ್_ಮೇಷ್ಟ್ರು

ಗಿರೀಶ್, ಜನ ಹಾಗೆ ಮಾತಾಡುತ್ತಾರೆ ಅನ್ನುವುದು ನಿಜ. ಮಧ್ಯ ಅಮೆರಿಕದಲ್ಲಂತೂ ಇನ್ನೂ ಜಾಸ್ತಿ. ಆದರೆ ಸ್ಪ್ಯಾನಿಷ್ ಅಕಾಡೆಮಿಗಳು 2005ರಲ್ಲಿ ಹೊರತಂದ ಸಂಶಯ ನಿವಾರಣೆಯ ನಿಘಂಟು ಅಬೀಯಾ ಮೂಚಾಸ್ ಪೆರ್ಸೋನಾಸ್ ಅನ್ನೇ ಸರಿ ಅನ್ನುತ್ತದೆ. ಪರೀಕ್ಷೆಯಲ್ಲಿ, ಕಚೇರಿಯ ಪತ್ರದಲ್ಲಿ ಏಕವಚನವೇ ಇರಲಿ.

ಕಾರಣ ಹೇಳುತ್ತೇನೆ. ಆಯ್ ವಾಕ್ಯದಲ್ಲಿ "ಪೆರ್ಸೋನಾಸ್" ಕರ್ತೃ ಅಲ್ಲ, ಕರ್ಮ. ಇದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ಆಯ್ ಲಿಬ್ರೋಸ್ ಅಂತ ಯಾರಾದರೂ ಕೇಳಿದರೆ ಸೀ, ಲೋಸ್ ಆಯ್ ಅಂತ ಉತ್ತರ ಕೊಡಬಹುದು. ಆ ಲೋಸ್, "ಪುಸ್ತಕಗಳನ್ನು ಓದಿದೆ" ಅನ್ನುವ ಕಡೆ ಬರುವ ಲೋಸ್. ಕರ್ಮ ಎಷ್ಟೇ ಇದ್ದರೂ ಕ್ರಿಯಾಪದ ಬದಲಾಗುವುದಿಲ್ಲ. ಒಂದು ಪುಸ್ತಕಕ್ಕೂ ಆಯ್, ನೂರು ಪುಸ್ತಕಕ್ಕೂ ಆಯ್. ಆದರೆ ಎಸ್ತಾರ್‌ಗೆ ಕರ್ತೃ ಇದೆ, ಆದ್ದರಿಂದ ಎಸ್ತಾ, ಎಸ್ತಾನ್, ಎಸ್ತೋಯ್ ಅಂತ ಬದಲಾಗುತ್ತದೆ.

ನಮ್ಮವರಿಗೆ ಇದು ಕಷ್ಟ, ಯಾಕಂದರೆ ಕನ್ನಡದಲ್ಲಿ "ಜನ ಇದ್ದಾರೆ", "ಪುಸ್ತಕಗಳಿವೆ" ಅಂತ "ಇದೆ" ತಾನೇ ಬದಲಾಗುತ್ತದೆ. ಚೈತ್ರಾ ಮೂರನೇ ವಾಕ್ಯದಲ್ಲಿ ಎಸ್ತಾನ್ ಕಡೆ ಹೋಗುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಊಹೆ. ಅಂಗಡಿಗಳು ತುಂಬಾ ಇವೆ, ಆಯ್ ನೋಡಿದರೆ ಏಕವಚನದ ಹಾಗೆ ಕಾಣುತ್ತದೆ, ಎಸ್ತಾನ್ ಬಹುವಚನ.

ಚೈತ್ರಾ_ಮೈಸೂರು

ಹೌದು ಸರ್, ಅದೇ ಆಗಿದ್ದು. ತುಂಬಾ ಅಂಗಡಿಗಳಿಗೆ ಆಯ್ ಹೇಗೆ ಸಾಕಾಗುತ್ತದೆ ಅನಿಸಿತ್ತು.

ಗ್ವಾದಲಹಾರಾ_ಗಿರೀಶ

ಕಾರಣ ಒಪ್ಪಿದೆ. ಪರೀಕ್ಷೆಗೆ ಏಕವಚನ, ಸರಿ. ಆದರೆ ಹುಟ್ಟಿನಿಂದ ಆ ಭಾಷೆ ಆಡುವವರು ಅಬೀಯಾನ್ ಅಂದಾಗ ಅವರಿಗೆ ತಮ್ಮ ಭಾಷೆ ಬರಲ್ಲ ಅನ್ನೋ ಥರ ನಮ್ಮವರು ಮುಖ ಮಾಡುವುದು ನನಗೆ ಇಷ್ಟ ಆಗಲ್ಲ. ಧಾರವಾಡದವರ ಕನ್ನಡ ಬೇರೆ, ಮಂಗಳೂರಿನವರದ್ದು ಬೇರೆ. ಅದನ್ನು ತಪ್ಪು ಅಂತೀವಾ?

ಶೈಲಾ_ಧಾರವಾಡ

ಅನ್ನೋರು ಇದ್ದಾರೆ ಗಿರೀಶ, ನಿಮಗೇ ಗೊತ್ತು. ಆದರೆ ನೀವು ಹೇಳಿದ್ದು ಖರೆ. ಕಲಿಯೋರು ಬೇರೆ, ಆಡೋರು ಬೇರೆ.

ಮಲೆನಾಡು_ಮಾಲತಿ

ನಾನು ಆಯ್, ಆಈ ಎರಡರಲ್ಲೂ ಒದ್ದಾಡುತ್ತೇನೆ. ಡಿಕ್ಟೇಷನ್‌ನಲ್ಲಿ ಯಾವುದು ಎಚ್ ಎ ವೈ, ಯಾವುದು ಎ ಎಚ್ ಐ ಅಂತ ತಿಳಿಯುವುದೇ ಇಲ್ಲ. ಯಾರಾದರೂ ಹೇಳಿ.

ಬಾರ್ಸಾ_ಕನ್ನಡತಿ

ಒತ್ತು ಎಲ್ಲಿ ಬೀಳುತ್ತದೆ ಅಂತ ಕೇಳಿಸಿಕೊಳ್ಳಿ. "ಅಲ್ಲಿ" ಅನ್ನೋದಕ್ಕೆ ಆ-ಈ, ಎರಡು ತುಂಡು, ಒತ್ತು ಈ ಮೇಲೆ. "ಇದೆ" ಅನ್ನೋದು ಆಯ್, ಒಂದೇ ತುಂಡು. ನೋವಾದಾಗ ಕೂಗೋ ಆಯ್ ಬೇರೆ, ಅದಕ್ಕೆ ಎಚ್ ಇಲ್ಲ. ಅದು ಮತ್ತು "ಇದೆ" ಅನ್ನೋ ಆಯ್ ಕಿವಿಗೆ ಒಂದೇ. ವಾಕ್ಯ ನೋಡಿಯೇ ತಿಳಿಯಬೇಕು.

ಕರಾವಳಿ_ಹುಡುಗ

ಆಯ್ ಕೇ ಅಂತ ಬರುತ್ತದಲ್ಲ, ಆಯ್ ಕೇ ಎಸ್ತುದಿಯಾರ್, ಅದೂ ಇದೇನಾ?

ಸ್ಪ್ಯಾನಿಷ್_ಮೇಷ್ಟ್ರು

ಪದ ಅದೇ, ಕೆಲಸ ಬೇರೆ. ಅದು "ಓದಬೇಕು" ಅಂತ. ಈಗ ಅದನ್ನು ಇಲ್ಲಿಗೆ ತರಬೇಡಿ, ಇನ್ನೊಂದು ಚರ್ಚೆ ಶುರು ಮಾಡಿ.

ಚೈತ್ರಾ_ಮೈಸೂರು

ಎಲ್ಲಾ ಓದಿಕೊಂಡು ಸ್ವಲ್ಪ ಬದಲಿಸಿ ಬರೆದಿದ್ದೇನೆ. ದಯವಿಟ್ಟು ನೋಡಿ.

ಎನ್ ಮಿ ಬಾರ್ರಿಯೋ ಆಯ್ ಉನ್ ಪಾರ್ಕೆ. ಎಲ್ ಪಾರ್ಕೆ ಎಸ್ತಾ ಸೆರ್ಕಾ ದೆ ಮಿ ಕಾಸಾ. ಎನ್ ಲಾ ಕಾಯೆ ಪ್ರಿನ್ಸಿಪಾಲ್ ಆಯ್ ಮೂಚಾಸ್ ತಿಯೆಂದಾಸ್ ಇ ಆಯ್ ಉನಾ ಫಾರ್ಮಾಸಿಯಾ. ಲಾ ಫಾರ್ಮಾಸಿಯಾ ಎಸ್ತಾ ಎನ್ ಲಾ ಎಸ್ಕಿನಾ. ಲಾ ಕಾಸಾ ದೆ ಮಿ ಅಬ್ವೇಲಾ ಎಸ್ತಾ ಆಲ್ ಲಾದೋ. ತೆಂಗೋ ಉನಾ ಎರ್ಮಾನಾ, ಪೆರೋ ನೋ ಎಸ್ತಾ ಆಕೀ, ಎಸ್ತಾ ಎನ್ ಪುಣೆ.

ಜೊತೆಗೆ ಒಂದು ಅನುಮಾನ. ನಮ್ಮ ಪುಸ್ತಕದಲ್ಲಿ ಒಂದು ಕಡೆ ಲಾ ಫಾರ್ಮಾಸಿಯಾ ಕೇ ಆಯ್ ಎನ್ ಲಾ ಎಸ್ಕಿನಾ ಅಂತ ಇದೆ. ಲಾ ಇದೆ, ಆದರೂ ಆಯ್. ಅಚ್ಚಿನ ತಪ್ಪಾ?

ಸ್ಪ್ಯಾನಿಷ್_ಮೇಷ್ಟ್ರು

ಎಲ್ಲವೂ ಸರಿಯಾಗಿದೆ. ಮೊದಲು ಆಯ್ ಉನಾ ಫಾರ್ಮಾಸಿಯಾ ಅಂತ ಪರಿಚಯಿಸಿ, ಆಮೇಲೆ ಲಾ ಫಾರ್ಮಾಸಿಯಾ ಎಸ್ತಾ ಅಂತ ಜಾಗ ಹೇಳಿದ್ದೀರಿ. ಬೀದಿಯಲ್ಲಿ ದಾರಿ ಕೇಳಿದಾಗಲೂ ಜನ ಹೀಗೇ ಉತ್ತರಿಸುತ್ತಾರೆ. ಇಲ್ಲಿ ಹತ್ತಿರ ಔಷಧದ ಅಂಗಡಿ ಇದೆಯಾ ಅಂತ ಆಯ್ ಉನಾ ಫಾರ್ಮಾಸಿಯಾ ಪೋರ್ ಆಕೀ ಕೇಳಿ. ಸೀ, ಆಯ್ ಉನಾ ಎನ್ ಲಾ ಪ್ಲಾಸಾ, ಎಸ್ತಾ ಆಲ್ ಲಾದೋ ದೆಲ್ ಬಾಂಕೋ ಅಂತ ಹೇಳುತ್ತಾರೆ. ಒಂದೇ ಉಸಿರಿನಲ್ಲಿ ಎರಡೂ ಬರುತ್ತವೆ.

ಪುಸ್ತಕದ ವಾಕ್ಯ ಅಚ್ಚಿನ ತಪ್ಪಲ್ಲ. "ಮೂಲೆಯಲ್ಲಿರುವ ಔಷಧದ ಅಂಗಡಿ" ಅಂತ ಅರ್ಥ. ಲಾ ಇರುವುದು ಹೊರಗಿನ ವಾಕ್ಯದ ಅಂಗಡಿಗೆ. ಕೇ ಆದಮೇಲೆ ಒಳಗೆ ಇರುವುದು ಬರೀ ಆಯ್ ಎನ್ ಲಾ ಎಸ್ಕಿನಾ, ಅಲ್ಲಿ ಲಾ ಫಾರ್ಮಾಸಿಯಾ ಇಲ್ಲ. ಕೇ ಎಸ್ತಾ ಅಂದರೂ ನಡೆಯುತ್ತದೆ. ಇಂಥ ವಾಕ್ಯ ಓದಿದಾಗ ಅರ್ಥವಾದರೆ ಸಾಕು, ಈಗಲೇ ಬರೆಯಲು ಹೋಗಬೇಡಿ.

ರಘು_ತುಮಕೂರು

ಮೇಷ್ಟ್ರೇ, ಪಾರ್ಟಿ ನಮ್ಮ ಮನೆಯಲ್ಲಿದೆ ಅನ್ನೋಕೆ ಲಾ ಫಿಯೆಸ್ತಾ ಎಸ್ತಾ ಎನ್ ಮಿ ಕಾಸಾ ಅಲ್ವಾ? ಲಾ ಇದೆ.

ಸ್ಪ್ಯಾನಿಷ್_ಮೇಷ್ಟ್ರು

ಇಲ್ಲಿ ನಿಮ್ಮ ಸೆರ್ ಬೇಕು ರಘು. ಲಾ ಫಿಯೆಸ್ತಾ ಎಸ್ ಎನ್ ಮಿ ಕಾಸಾ. ಪಾರ್ಟಿ, ಮೀಟಿಂಗ್, ಮದುವೆ, ಕ್ಲಾಸ್, ಇವು ವಸ್ತುಗಳಲ್ಲ, ನಡೆಯುವ ಸಂಗತಿಗಳು. ನಡೆಯುವುದು ಎಲ್ಲಿ ಅಂತ ಹೇಳಲು ಸೆರ್. ಇವತ್ತು ರಾತ್ರಿ ಒಂದು ಪಾರ್ಟಿ ಇದೆ ಅಂತ ಸುದ್ದಿ ಹೇಳುವುದಾದರೆ ಮಾತ್ರ ಆಯ್ ಉನಾ ಫಿಯೆಸ್ತಾ.

ರಘು_ತುಮಕೂರು

ಅಂದರೆ ಸೆರ್ ಪೂರ್ತಿ ಹೊರಗಲ್ಲ. ಸಂತೋಷ.

ಗ್ವಾದಲಹಾರಾ_ಗಿರೀಶ

ಇನ್ನೊಂದು ಹೇಳಿಬಿಡುತ್ತೇನೆ, ಯಾರಾದರೂ ಇದಕ್ಕೆ ಸರಿಯಾದ ವಿವರಣೆ ಕೊಡಿ. ಉನ್ ಬಂದರೆ ಆಯ್ ಅಂತ ಹೇಳಿದ್ದೀರಿ. ಆದರೆ ಇಲ್ಲಿ ಆಫೀಸಿನ ಸೆಕ್ಯುರಿಟಿಯವರು ಎಸ್ತಾ ಉನ್ ಸೆನ್ಯೋರ್ ಎನ್ ಲಾ ಪ್ವೆರ್ತಾ ಅಂತಾರೆ. ಬಾಗಿಲಲ್ಲಿ ಯಾರೋ ಒಬ್ಬರು ಬಂದು ನಿಂತಿದ್ದಾರೆ ಅಂತ. ಅವರೇನೂ ಕಲಿಯುತ್ತಿರುವವರಲ್ಲ.

ಬಾರ್ಸಾ_ಕನ್ನಡತಿ

ಇಲ್ಲಿ ಆಯ್ ಉನ್ ಸೆನ್ಯೋರ್ ಅನ್ನುವುದನ್ನೇ ಕೇಳಿದ್ದೇನೆ.

ಸ್ಪ್ಯಾನಿಷ್_ಮೇಷ್ಟ್ರು

ಮೆಕ್ಸಿಕೋದ ಮಾತಿನಲ್ಲಿ ಅದು ಕೇಳಿಬರುತ್ತದೆ. ನನಗೆ ಅನಿಸುವುದು ಇಷ್ಟು: ಆ ವ್ಯಕ್ತಿ ಅಲ್ಲೇ, ಈಗಲೇ, ಕಣ್ಣೆದುರು ಕಾಯುತ್ತಾ ನಿಂತಿದ್ದಾನೆ ಅನ್ನುವುದನ್ನು ಎಸ್ತಾ ಎತ್ತಿ ಹೇಳುತ್ತದೆ. ಎಸ್ತಾ ಉನ್ ಪಾರ್ಕೆ ಎನ್ ಮಿ ಬಾರ್ರಿಯೋ ಅಂತ ಅದೇ ಸೆಕ್ಯುರಿಟಿಯವರು ಹೇಳುತ್ತಾರಾ ಕೇಳಿ ನೋಡಿ. ಹೇಳಲಿಕ್ಕಿಲ್ಲ. ಜನರ ವಿಷಯಕ್ಕೆ ಮಾತ್ರ ಈ ಸಡಿಲ ಇದೆಯೋ, ವಸ್ತುಗಳಿಗೂ ಇದೆಯೋ ಅನ್ನುವುದರಲ್ಲಿ ನನಗಿಂತ ನಿಮ್ಮ ಕಿವಿಯೇ ವಾಸಿ.

ಗ್ವಾದಲಹಾರಾ_ಗಿರೀಶ

ಪಾರ್ಕಿಗೆ ಹಾಗೆ ಅಂದದ್ದನ್ನು ಕೇಳಿಲ್ಲ, ಅದು ನಿಜ. ಆದರೆ ಕಾರಿಗೆ ಕೇಳಿದ ಹಾಗಿದೆ. ಗೇಟಿಗೆ ಅಡ್ಡ ಯಾವುದೋ ಕಾರು ನಿಂತಿದೆ ಅಂತ ಎಸ್ತಾ ಉನ್ ಕಾರ್ರೋ ಅಂದರು ಅನಿಸುತ್ತದೆ. ನಾಳೆ ಕಿವಿಗೊಟ್ಟು ಕೇಳಿ ಇಲ್ಲೇ ಬರೆಯುತ್ತೇನೆ.

ಶೈಲಾ_ಧಾರವಾಡ

ಬರೆಯಿರಿ. ಚೈತ್ರಾ, ಪರೀಕ್ಷೆಯಲ್ಲಿ ಮಾತ್ರ ಆಯ್ ಉನ್ ಕಾರ್ರೋ ಅಂತಲೇ ಬರೀವ್ವಾ.